ಮೊದಲ ಜಾಬ್ ಕಟ್ ಮಾಡುವ ಮುನ್ನ: ವಿಎಂಸಿಯಲ್ಲಿ ವರ್ಕ್ ಆಫ್‌ಸೆಟ್, ಟೂಲ್ ಲೆಂತ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಂಥ ಕಡೆ ಹೊಸದಾಗಿ ಸೆಟ್ಟಿಂಗ್ ಕಲಿಯುವ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉತ್ತರಗಳೆಲ್ಲ ಫ್ಯಾನುಕ್ ಕಂಟ್ರೋಲ್ ಇರುವ ಮೂರು ಆಕ್ಸಿಸ್ ವಿಎಂಸಿಗೆ ಅನ್ವಯಿಸುತ್ತವೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಕೊನೆಯವರೆಗೂ ಒಂದೇ ಜಾಬ್ ಇಟ್ಟುಕೊಂಡಿದ್ದೇನೆ. ಅದು 100 × 60 ಅಳತೆಯ ಅಲ್ಯೂಮಿನಿಯಂ ಬ್ಲಾಕ್. ನಾಲ್ಕೂ ಪಕ್ಕ ಮೊದಲೇ ಮಿಲ್ ಆಗಿದೆ, ಮೇಲ್ಮೈ ಮಾತ್ರ ಗರಗಸದಲ್ಲಿ ಕೊಯ್ದ ಹಾಗೇ ಇದೆ. ದಪ್ಪ ಸುಮಾರು 28 ಮಿ.ಮೀ., ಮುಗಿದಾಗ 25 ಇರಬೇಕು. ಟೂಲ್ ಮೂರು: T1 ಐವತ್ತರ ಫೇಸ್ ಮಿಲ್, T2 ಹತ್ತರ ಎಂಡ್ ಮಿಲ್, T3 ಎಂಟೂವರೆ ಡ್ರಿಲ್. ಫೇಸಿಂಗ್ ಆದ ಮೇಲೆ 8 ಮಿ.ಮೀ. ಆಳದ ಒಂದು ಪಾಕೆಟ್, ಆಮೇಲೆ ನಾಲ್ಕು ಹೋಲ್.

ಸ್ಕ್ರೀನ್ ಮೇಲೆ ಇಷ್ಟೊಂದು ಆಫ್‌ಸೆಟ್ ಇವೆಯಲ್ಲ, ಮೆಷೀನ್ ನಿಜಕ್ಕೂ ಏನು ಲೆಕ್ಕ ಹಾಕುತ್ತದೆ?

ಬರೀ ಕೂಡುತ್ತದೆ, ಅಷ್ಟೇ. ಸ್ಪಿಂಡಲ್ ಎಷ್ಟು ಕೆಳಗೆ ಹೋಗಬೇಕು ಎಂಬುದು ಹೀಗೆ ಬರುತ್ತದೆ:

```
MACHINE Z = program Z + G54 Z + H
```

Z ಹೋಮ್‌ನಲ್ಲಿರುವಾಗ ಮೆಷೀನ್ Z ಸೊನ್ನೆ. ಅಲ್ಲಿಂದ ಕೆಳಗೆ ಇಳಿದಷ್ಟೂ ಮೈನಸ್. G54 ಎಂದರೆ ಜಾಬ್ ಎಲ್ಲಿದೆ ಎಂಬ ಲೆಕ್ಕ, H ಎಂದರೆ ಆ ಟೂಲ್ ಎಷ್ಟು ಉದ್ದ ಎಂಬ ಲೆಕ್ಕ. H ಎಂದಾಗ ಅದರಲ್ಲಿ ಟಚ್ ಮಾಡಿ ತೆಗೆದ GEOM, ಆಮೇಲೆ ಸೈಜ್ ತಿದ್ದಲು ಹಾಕುವ WEAR ಎರಡೂ ಸೇರಿವೆ. ಇವಲ್ಲದೆ ವರ್ಕ್ ಆಫ್‌ಸೆಟ್ ಪುಟದ ಮೊದಲ ಸಾಲಿನಲ್ಲಿ EXT ಎಂದೊಂದು ಇರುತ್ತದೆ. ಅದು G54ರಿಂದ G59ರವರೆಗೆ ಎಲ್ಲದಕ್ಕೂ ಸೇರಿಕೊಳ್ಳುತ್ತದೆ. ಹಿಂದಿನ ಶಿಫ್ಟ್‌ನವರು ಅಲ್ಲಿ ಏನಾದರೂ ಬಿಟ್ಟು ಹೋಗಿದ್ದರೆ ನಿಮ್ಮ ಲೆಕ್ಕವೆಲ್ಲ ಅಷ್ಟೇ ಜರುಗುತ್ತದೆ. ಸೆಟ್ಟಿಂಗ್ ಶುರು ಮಾಡುವ ಮುಂಚೆ EXT ಸೊನ್ನೆ ಇದೆಯೇ ನೋಡಿ. ಬೇಕೆಂದೇ ಹಾಕಿದ ನಂಬರ್ ಇದ್ದರೆ ಯಾಕೆಂದು ಕೇಳಿ ತಿಳಿದುಕೊಂಡು ಮುಂದುವರಿಯಿರಿ.

ಈ ಕೂಡಿಕೆ ತಲೆಯಲ್ಲಿ ಕೂತರೆ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ನೀವೇ ಹೇಳಬಲ್ಲಿರಿ.

Z ಝೀರೋ ಜಾಬ್ ಮೇಲೇ ತಾನೇ? ನೇರ ಮೇಲ್ಮೈಗೆ ಟಚ್ ಮಾಡಿದರೆ ಆಗದೇ?

ಡ್ರಾಯಿಂಗ್‌ನಲ್ಲಿ Z ಝೀರೋ ಇರುವುದು ಮುಗಿದ ಮೇಲ್ಮೈಯಲ್ಲಿ. ಆ ಮೇಲ್ಮೈ ಇನ್ನೂ ಹುಟ್ಟೇ ಇಲ್ಲ. ಕೊಯ್ದ ಮುಖಕ್ಕೆ ಟಚ್ ಮಾಡಿ "ಇದರ ಕೆಳಗೆ ಮೂರು" ಎಂದುಕೊಂಡರೆ, ಒಂದು ಪೀಸ್ 27.4 ಇರುತ್ತದೆ, ಇನ್ನೊಂದು 28.6. ಒಂದೇ ಪೀಸ್‌ನಲ್ಲೂ ಈ ಮೂಲೆಗೂ ಆ ಮೂಲೆಗೂ ವ್ಯತ್ಯಾಸ ಇರುತ್ತದೆ. ಮೊದಲ ಜಾಬ್ ಹೇಗೋ ಸರಿ ಬಂದರೂ, ಆ ಸೈಜ್ ಎಲ್ಲಿಂದ ಬಂತು ಎಂದು ನಿಮಗೇ ಗೊತ್ತಿರುವುದಿಲ್ಲ.

ಇಲ್ಲಿ ಅಲ್ಲಾಡದೆ ಇರುವುದು ಒಂದೇ: ವೈಸ್ ಒಳಗಿನ ಪ್ಯಾರಲಲ್‌ಗಳ ಮೇಲ್ಮುಖ. ಎಲ್ಲ ಪೀಸ್‌ಗಳೂ ಅಲ್ಲೇ ಕೂರುತ್ತವೆ. ಮುಗಿದ ಮೇಲ್ಮೈ ಅಲ್ಲಿಂದ ಸರಿಯಾಗಿ 25 ಮೇಲೆ ಇರಬೇಕು. ಹಾಗಾಗಿ 50 ಮಿ.ಮೀ. ಎತ್ತರದ ಡಯಲ್ Z ಸೆಟ್ಟರ್ ಅನ್ನು ಪ್ಯಾರಲಲ್‌ಗಳ ಮೇಲೇ ಇಟ್ಟು ಟೂಲ್‌ಗಳನ್ನು ಅದಕ್ಕೆ ಟಚ್ ಮಾಡುತ್ತೇವೆ. ಸೆಟ್ಟರ್ ತಲೆ ಪ್ಯಾರಲಲ್‌ನಿಂದ 50 ಮೇಲೆ, ಮುಗಿದ ಮೇಲ್ಮೈ 25 ಮೇಲೆ. ಅಂದರೆ ಝೀರೋ ಸೆಟ್ಟರ್ ತಲೆಯಿಂದ 25 ಕೆಳಗಿದೆ. G54 Zನಲ್ಲಿ `-25.000` ಎಂದು ಕೈಯಲ್ಲೇ ಟೈಪ್ ಮಾಡಿ INPUT ಕೊಡಿ. Z ವರ್ಕ್ ಆಫ್‌ಸೆಟ್ ಮುಗಿಯಿತು.

ಸೆಟ್ಟರ್ ಎರಡೂ ಪ್ಯಾರಲಲ್ ಮೇಲೆ ಗಟ್ಟಿಯಾಗಿ ಕೂರಬೇಕು. ಬೆರಳಲ್ಲಿ ಒತ್ತಿದಾಗ ಅಲುಗಿದರೆ ಪ್ಯಾರಲಲ್‌ಗಳನ್ನು ಹತ್ತಿರ ಸರಿಸಿ. ಸೆಟ್ಟರ್‌ನ ಡಯಲ್ ಸೊನ್ನೆ ನಿಜವಾದ 50ಕ್ಕೆ ಇದೆಯೇ ಎಂದು 50ರ ಸ್ಲಿಪ್ ಗೇಜ್ ಪಕ್ಕದಲ್ಲಿಟ್ಟು ನೋಡಿಕೊಳ್ಳುವುದೂ ಒಳ್ಳೆಯದು. ಯಾರೋ ಬೀಳಿಸಿ ಸುಮ್ಮನೆ ವಾಪಸ್ ಇಟ್ಟಿರುತ್ತಾರೆ.

X, Y ಹೇಗೆ ತೆಗೆಯುವುದು? ರೇಡಿಯಸ್ ಕೂಡಬೇಕೋ ಕಳೆಯಬೇಕೋ, ಯಾವಾಗಲೂ ಗೊಂದಲ.

ಕೂಡುವುದು, ಕಳೆಯುವುದು ಮರೆತುಬಿಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಸ್ಪಿಂಡಲ್ ಸೆಂಟರ್ ಜಾಬ್ ಝೀರೋದಿಂದ ಯಾವ ಕಡೆ, ಎಷ್ಟು ದೂರದಲ್ಲಿದೆ? ಅದನ್ನೇ ಟೈಪ್ ಮಾಡಿ.

ನಮ್ಮ X ಝೀರೋ ಜಾಬ್‌ನ ಎಡ ಮುಖ, ಅದು ಸ್ಟಾಪರ್‌ಗೆ ತಾಗಿ ನಿಂತಿದೆ. ಸ್ಟಾಪರ್ ಇಲ್ಲದ ಜಾಗದಲ್ಲಿ ಎಡಗಡೆಯಿಂದ ಎಡ್ಜ್ ಫೈಂಡರ್ ತನ್ನಿ. ತುದಿಯ ವ್ಯಾಸ 10, ಸ್ಪಿಂಡಲ್ ಸುಮಾರು 500 ಆರ್‌ಪಿಎಂ. ತುದಿ ಮೊದಲು ಅಲ್ಲಾಡುತ್ತಾ ತಿರುಗುತ್ತದೆ, ಮುಖಕ್ಕೆ ತಾಗುತ್ತಾ ಬಂದಂತೆ ನೇರವಾಗುತ್ತದೆ, ಹ್ಯಾಂಡಲ್ ಒಂದು ಗೀಟು ಹೆಚ್ಚಾದ ಕೂಡಲೇ ಪಟ್ಟನೆ ಪಕ್ಕಕ್ಕೆ ಜಾರುತ್ತದೆ. ಆ ಜಾರಿದ ಕ್ಷಣವೇ ನಿಮ್ಮ ಓದು. ಈಗ ಸ್ಪಿಂಡಲ್ ಸೆಂಟರ್ ಝೀರೋದಿಂದ ಎಡಕ್ಕೆ 5, ಅಂದರೆ X ಮೈನಸ್ 5. ಕರ್ಸರ್ ಅನ್ನು G54 ಮೇಲಿಟ್ಟು `X-5.` ಟೈಪ್ ಮಾಡಿ MEASUR ಒತ್ತಿ. ಆಗ ಮೆಷೀನ್ X −412.350 ಇದ್ದರೆ G54 Xನಲ್ಲಿ −407.350 ಬರುತ್ತದೆ.

Yಗೆ ಜಾಬ್ ಮುಟ್ಟುವುದೇ ಬೇಡ. ಜಾಬ್ ತೆಗೆದು, ಹಿಂದಿರುವ ಫಿಕ್ಸ್ ಜಾ ಮುಖಕ್ಕೇ ಟಚ್ ಮಾಡಿ. ಮುಂದಿನ ಜಾ ಪ್ರತಿ ಸಲ ಒಂಚೂರು ಬೇರೆ ಕಡೆ ನಿಲ್ಲುತ್ತದೆ, ಫಿಕ್ಸ್ ಜಾ ಕದಲುವುದಿಲ್ಲ. ಹಾಗಾಗಿ ಪೀಸ್‌ನ ಅಗಲ 60ರ ಬದಲು 59.9 ಇದ್ದರೂ ಹಿಂದಿನ ಅಂಚು ಅಲ್ಲೇ ಇರುತ್ತದೆ. ಎಡ್ಜ್ ಫೈಂಡರ್ ಜಾಕ್ಕಿಂತ ನಮ್ಮ ಕಡೆ ಇರುವುದರಿಂದ ಇಲ್ಲೂ `Y-5.` ಮತ್ತು MEASUR. ಜಾಬ್ ಪೂರ್ತಿ ಮೈನಸ್ Y ಕಡೆ ಬರುತ್ತದೆ. ಪ್ರೋಗ್ರಾಂ ಬರೆದವರೂ ಹಾಗೇ ಬರೆದಿದ್ದಾರೆಯೇ ಎಂದು ಮೊದಲೇ ನೋಡಿ.

ಮೊದಲ ಪೀಸ್‌ನಲ್ಲಿ ಹೋಲ್ ಸರಿಯಾಗಿ 10 ಮಿ.ಮೀ. ಜರುಗಿ ಬಂದಿದ್ದರೆ ಸೈನ್ ತಿರುವುಮುರುವು ಆಗಿದೆ. ಸರಿಯಾಗಿ 5 ಜರುಗಿದ್ದರೆ ರೇಡಿಯಸ್ಸೇ ಹಾಕಿಲ್ಲ. ಒಂದು ತುದಿಯಲ್ಲಿ ಸರಿ ಇದ್ದು ಇನ್ನೊಂದು ತುದಿಯಲ್ಲಿ ಸ್ವಲ್ಪ ಸ್ವಲ್ಪ ತಪ್ಪಿದ್ದರೆ ಅದು ಆಫ್‌ಸೆಟ್ ದೋಷ ಅಲ್ಲ. ವೈಸ್ ಸೊಟ್ಟಗಿದೆ, ಫಿಕ್ಸ್ ಜಾಗೆ ಡಯಲ್ ಹಿಡಿದು ನೇರ ಮಾಡಿ, ಆಮೇಲೆ X, Y ಮತ್ತೆ ತೆಗೆಯಿರಿ.

ಟೂಲ್ ಲೆಂತ್ ತೆಗೆಯುವ ಕ್ರಮ ಏನು?

ಮೊದಲು Z ಹೋಮ್‌ಗೆ ಕಳಿಸಿ. POS ಒತ್ತಿ ರಿಲೇಟಿವ್ ಪುಟಕ್ಕೆ ಹೋಗಿ, Zನ ರಿಲೇಟಿವ್ ಓದನ್ನು ORIGIN ಒತ್ತಿ ಸೊನ್ನೆ ಮಾಡಿ. ಇದು ಯಾಕೆ ಎಂದು ಈಗಲೇ ಹೇಳುತ್ತೇನೆ.

MDIಯಲ್ಲಿ T2 ಕರೆದು ಸ್ಪಿಂಡಲ್‌ಗೆ ತನ್ನಿ. ಸ್ಪಿಂಡಲ್ ತಿರುಗಬಾರದು. ಹ್ಯಾಂಡಲ್ ಅನ್ನು X100ರಲ್ಲಿ ಹತ್ತಿರಕ್ಕೆ, ಸೆಟ್ಟರ್ ಕಣ್ಣಿಗೆ ಕಾಣುವಷ್ಟು ದೂರ ಬಂದ ಮೇಲೆ X10ಕ್ಕೆ, ತಲೆ ಮುಟ್ಟಿ ಡಯಲ್ ಮುಳ್ಳು ಕದಲಿದ ಕೂಡಲೇ X1ಕ್ಕೆ ಹಾಕಿ. ಮುಳ್ಳು ಸೊನ್ನೆಗೆ ಬಂದಾಗ ನಿಲ್ಲಿಸಿ. OFS/SET ಒತ್ತಿ ಟೂಲ್ ಆಫ್‌ಸೆಟ್ ಪುಟದಲ್ಲಿ 002ನೇ ಸಾಲು, GEOM(H) ಕಾಲಂಗೆ ಕರ್ಸರ್ ತನ್ನಿ. Z ಕೀ ಒತ್ತಿ INP.C. ಒತ್ತಿ.

INP.C. ಎತ್ತಿಕೊಳ್ಳುವುದು ರಿಲೇಟಿವ್ ಓದನ್ನು, ಮೆಷೀನ್ ಓದನ್ನಲ್ಲ. ಶುರುವಿನಲ್ಲಿ ಹೋಮ್‌ನಲ್ಲಿ ಸೊನ್ನೆ ಮಾಡದೆ ಬಿಟ್ಟರೆ, ಅಥವಾ ನಡುವೆ ಯಾರಾದರೂ ಬೇರೆ ಎತ್ತರದಲ್ಲಿ ಸೊನ್ನೆ ಮಾಡಿದರೆ, ಅಷ್ಟೂ ತಪ್ಪು ಟೂಲ್ ಉದ್ದಕ್ಕೆ ಸೇರುತ್ತದೆ. ಯಾವ ಅಲಾರಂ ಕೂಡ ಬರುವುದಿಲ್ಲ. ಹಾಗಾಗಿ ಪ್ರತಿ ಟೂಲ್‌ಗೂ, ಹಾಕಿದ ಕೂಡಲೇ, ಆಫ್‌ಸೆಟ್‌ನಲ್ಲಿ ಕೂತ ನಂಬರ್ ಮತ್ತು ಪೊಸಿಷನ್ ಪುಟದ MACHINE Z ಎರಡೂ ಒಂದೇ ಇವೆಯೇ ಎಂದು ನೋಡಿ. ಬೇರೆ ಇದ್ದರೆ ಅಲ್ಲೇ ನಿಲ್ಲಿಸಿ.

ನಮ್ಮ ಜಾಬ್‌ನಲ್ಲಿ ಬಂದ ಓದು ಹೀಗಿದೆ ಎಂದಿಟ್ಟುಕೊಳ್ಳಿ:

```
H1  -318.420   (T1)
H2  -296.655   (T2)
H3  -271.210   (T3)
```

ಫೇಸ್ ಮಿಲ್ ಗಿಡ್ಡ, ಹಾಗಾಗಿ ಸೆಟ್ಟರ್ ಮುಟ್ಟಲು ಸ್ಪಿಂಡಲ್ ಹೆಚ್ಚು ಇಳಿಯಬೇಕು, ಮೈನಸ್ ದೊಡ್ಡದು. ಡ್ರಿಲ್ ಉದ್ದ, ಮೈನಸ್ ಚಿಕ್ಕದು. ಟೂಲ್‌ಗಳನ್ನು ಪಕ್ಕ ಪಕ್ಕ ನೋಡಿ, ನಂಬರ್‌ಗಳ ಕ್ರಮ ಕಣ್ಣಿಗೆ ಕಂಡ ಉದ್ದದ ಕ್ರಮಕ್ಕೆ ಹೊಂದುತ್ತದೆಯೇ ಎಂದು ಒಮ್ಮೆ ತಾಳೆ ಹಾಕಿ. ಎರಡು ಟೂಲ್ ಅದಲುಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಫೇಸ್ ಮಿಲ್‌ನ ಮಧ್ಯ ಖಾಲಿ ಇದೆ, ಸೆಟ್ಟರ್ ತಲೆ ಚಿಕ್ಕದು. ಹೇಗೆ ಟಚ್ ಮಾಡುವುದು?

ಟೇಬಲ್ ಸರಿಸಿ ಕಟರ್‌ನ ಹೊರ ಅಂಚು ಸೆಟ್ಟರ್ ತಲೆ ಮೇಲೆ ಬರುವಂತೆ ಮಾಡಿ. ಸ್ಪಿಂಡಲ್ ಅನ್ನು ಕೈಯಲ್ಲಿ ತಿರುಗಿಸಿ ಒಂದು ಇನ್ಸರ್ಟ್‌ನ ತುದಿ ಸರಿಯಾಗಿ ತಲೆಯ ಮೇಲಿರಲಿ. ಇನ್ಸರ್ಟ್‌ಗಳೆಲ್ಲ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಹಾಗಾಗಿ ಪ್ರತಿಯೊಂದನ್ನೂ ನೋಡಿ ಎಲ್ಲಕ್ಕಿಂತ ಕೆಳಗಿರುವುದರ ಓದು ಇಟ್ಟುಕೊಳ್ಳಿ. ಮುಖದ ಸೈಜ್ ಕೊಡುವುದು ಅದೇ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವಾಗ Z ಮೇಲೆತ್ತಿ ತಿರುಗಿಸಿ, ಇಲ್ಲದಿದ್ದರೆ ಇನ್ಸರ್ಟ್ ಅಂಚು ಹಾರುತ್ತದೆ.

INPUT, +INPUT, ದಶಮಾಂಶ ಬಿಂದು: ಇಷ್ಟಕ್ಕೆ ಯಾಕೆ ಇಷ್ಟು ಬೈಗುಳ?

INPUT ಇದ್ದ ನಂಬರ್ ಅಳಿಸಿ ಹೊಸದನ್ನು ಬರೆಯುತ್ತದೆ. +INPUT ಇದ್ದ ನಂಬರ್‌ಗೆ ಸೇರಿಸುತ್ತದೆ. GEOM −296.655 ಇರುವಲ್ಲಿ ಇನ್ನೊಂದು ಹತ್ತು ಮೈಕ್ರಾನ್ ಇಳಿಸಲು `-0.010` ಟೈಪ್ ಮಾಡಿ +INPUT ಬದಲು INPUT ಒತ್ತಿದರೆ ಟೂಲ್ ಉದ್ದವೇ ಮಾಯ. ಬಿಂದು ಇಲ್ಲದೆ `-25` ಹಾಕಿದರೆ ಸೆಟ್ಟಿಂಗ್ ಪ್ರಕಾರ ಕೆಲವು ಮೆಷೀನ್‌ಗಳು ಅದನ್ನು −0.025 ಎಂದು ಓದುತ್ತವೆ. ನಿಮ್ಮ ಮೆಷೀನ್ ಯಾವ ಥರದ್ದು ಎಂದು ತಲೆ ಕೆಡಿಸಿಕೊಳ್ಳುವ ಬದಲು ಯಾವಾಗಲೂ ಬಿಂದು ಹಾಕಿ.

ನಮ್ಮ ಸೀನಿಯರ್ G54 Z ಸೊನ್ನೆ ಇಟ್ಟು ಎಲ್ಲ ಟೂಲ್ ಜಾಬ್‌ಗೇ ಟಚ್ ಮಾಡುತ್ತಾರೆ. ಇನ್ನೊಂದು ಕಡೆ H ಪ್ಲಸ್‌ನಲ್ಲಿದೆ. ಯಾವುದು ಸರಿ?

ಮೂರೂ ಸರಿ. ಬೆರೆಸುವುದು ಮಾತ್ರ ತಪ್ಪು.

ಸೀನಿಯರ್ ಪದ್ಧತಿಯಲ್ಲಿ ಪೂರ್ತಿ ದೂರ H ಒಳಗೇ ಇದೆ. ಒಂದೇ ಜಾಬ್‌ಗೆ ಸಲೀಸು, ಜಾಬ್ ಬದಲಾದರೆ ಎಲ್ಲ ಟೂಲ್ ಮತ್ತೆ ಟಚ್ ಮಾಡಬೇಕು. ಪ್ಲಸ್ ಪದ್ಧತಿಯಲ್ಲಿ Hನಲ್ಲಿ ಇರುವುದು ಟೂಲ್‌ನ ನಿಜ ಉದ್ದ, ಪ್ರೀಸೆಟ್ಟರ್‌ನಲ್ಲಿ ಅಳೆದದ್ದು. ಸ್ಪಿಂಡಲ್‌ನಿಂದ ಜಾಬ್‌ವರೆಗಿನ ದೊಡ್ಡ ಮೈನಸ್ G54 Zನಲ್ಲಿ ಇರುತ್ತದೆ. ನಮ್ಮದು ನಡುವಿನದು: Hನಲ್ಲಿ ಸೆಟ್ಟರ್‌ವರೆಗಿನ ದೂರ, G54ನಲ್ಲಿ ಸೆಟ್ಟರ್‌ನಿಂದ ಜಾಬ್‌ಗೆ ಇರುವ ವ್ಯತ್ಯಾಸ.

ನಾನು ಇದನ್ನೇ ಹೇಳಿಕೊಡುವುದಕ್ಕೆ ಒಂದು ಕಾರಣ ಇದೆ. ತಪ್ಪಾದಾಗ ಮೆಷೀನ್ ಯಾವ ಕಡೆ ಹೋಗುತ್ತದೆ ನೋಡಿ. H ಅನ್ನು ಲೆಕ್ಕಕ್ಕೆ ತರುವುದು ಪ್ರೋಗ್ರಾಂನ G43. ಅದು ಬಿಟ್ಟುಹೋಗಿದೆ, Z50ಕ್ಕೆ ಬಾ ಎಂದಿದೆ. ನಮ್ಮ ಲೆಕ್ಕದಲ್ಲಿ 50 − 25 = +25, ಹೋಮ್‌ಗಿಂತ ಮೇಲೆ. ಓವರ್‌ಟ್ರಾವೆಲ್ ಅಲಾರಂ ಬಂದು ನಿಲ್ಲುತ್ತದೆ. ಪ್ಲಸ್ ಪದ್ಧತಿಯಲ್ಲಿ ಅದೇ G43 ಬಿಟ್ಟರೆ ಮೆಷೀನ್ ಪಾಲಿಗೆ ಟೂಲ್ ಇಲ್ಲವೇ ಇಲ್ಲ, ಸ್ಪಿಂಡಲ್ ಮೂತಿಯನ್ನೇ ಜಾಬ್‌ನಿಂದ 50 ಮೇಲೆ ತಂದು ನಿಲ್ಲಿಸಲು ರಾಪಿಡ್‌ನಲ್ಲಿ ಇಳಿಯುತ್ತದೆ. ಮಧ್ಯೆ 120 ಮಿ.ಮೀ. ಟೂಲ್ ಇದೆ. ಮುಂದಿನದು ಹೇಳಬೇಕಿಲ್ಲ.

T2ಗೆ H2 ಎಂದು ಮೆಷೀನ್‌ಗೇ ಗೊತ್ತಿರುವುದಿಲ್ಲವೇ?

ಇಲ್ಲ. `T3 M6` ಆದ ಮೇಲೆ `G43 H1` ಬರೆದಿದ್ದರೂ ಸಾಮಾನ್ಯವಾಗಿ ಯಾವ ತಕರಾರೂ ಇಲ್ಲದೆ H1 ತೆಗೆದುಕೊಳ್ಳುತ್ತದೆ. ಹಳೆ ಪ್ರೋಗ್ರಾಂ ಕಾಪಿ ಮಾಡಿ ತಿದ್ದುವಾಗ ಆಗುವ ತಪ್ಪು ಇದು. ನಮ್ಮ ನಂಬರ್‌ಗಳಲ್ಲಿ ಡ್ರಿಲ್‌ಗೆ H1 ಬಿದ್ದರೆ 318.420 − 271.210, ಅಂದರೆ 47.210 ಮಿ.ಮೀ. ಹೆಚ್ಚು ಇಳಿಯುತ್ತದೆ. Z50 ಎಂದಾಗ ಡ್ರಿಲ್ ತುದಿ ಮುಗಿದ ಮೇಲ್ಮೈಯಿಂದ 2.79 ಮೇಲೆ ಬಂದು ನಿಂತಿರುತ್ತದೆ. ಅದೃಷ್ಟಕ್ಕೆ ತಾಗಿಲ್ಲ. ಮುಂದಿನ ಬ್ಲಾಕ್ ರಾಪಿಡ್‌ನಲ್ಲಿ Z5.

ಹಾಗಾದರೆ ಕಟಿಂಗ್ ಶುರುವಾಗುವ ಮೊದಲೇ ಇದನ್ನು ಹಿಡಿಯುವುದು ಹೇಗೆ?

ಎರಡು ಸಲ ಹಿಡಿಯಬಹುದು.

ಮೊದಲನೆಯದು ಜಾಬ್ ಕಟ್ಟುವ ಮುಂಚೆ, ಸೆಟ್ಟರ್ ಪ್ಯಾರಲಲ್ ಮೇಲೆ ಇರುವಾಗಲೇ. ಟೂಲ್ ಅನ್ನು ಸೆಟ್ಟರ್ ನೇರಕ್ಕೆ ತಂದು, ರಾಪಿಡ್ ಓವರ್‌ರೈಡ್ ಕನಿಷ್ಠಕ್ಕೆ ಇಳಿಸಿ, MDIಯಲ್ಲಿ ಇದನ್ನು ಓಡಿಸಿ:

```
G90 G54 G0 G43 H2 Z100.
```

ಸೆಟ್ಟರ್ ತಲೆ ಝೀರೋದಿಂದ 25 ಮೇಲಿದೆ. ಹಾಗಾಗಿ ಟೂಲ್ ತುದಿಗೂ ಸೆಟ್ಟರ್ ತಲೆಗೂ ನಡುವೆ 75 ಮಿ.ಮೀ. ಇರಬೇಕು. ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡಿ. ಇಲ್ಲಿ ಮೈಕ್ರಾನ್ ಬೇಕಿಲ್ಲ, ದೊಡ್ಡ ತಪ್ಪು ಇದೆಯೇ ಎಂದಷ್ಟೇ ತಿಳಿಯಬೇಕು. Z100 ಆರಿಸಿದ್ದೂ ಅದಕ್ಕೇ: ಮೇಲಿನ 47 ಮಿ.ಮೀ. ತಪ್ಪು ಇದ್ದರೂ ಟೂಲ್ ಸೆಟ್ಟರ್‌ಗೆ ತಾಗದೆ 28ರಲ್ಲಿ ನಿಲ್ಲುತ್ತದೆ. MACHINE Z ಕೂಡ ನೋಡಿ: 100 − 25 − 296.655 = −221.655. ಮೂರೂ ಟೂಲ್‌ಗೆ ಹೀಗೇ ಮಾಡಿ, ಆಮೇಲೆ ಸೆಟ್ಟರ್ ತೆಗೆದು ಒಳಗಿಡಿ. ಅದನ್ನು ವೈಸ್‌ನಲ್ಲೇ ಮರೆತು ಸೈಕಲ್ ಸ್ಟಾರ್ಟ್ ಕೊಟ್ಟ ಕಥೆ ಬಹಳ ಶಾಪ್‌ಗಳಲ್ಲಿ ಇದೆ.

ಎರಡನೆಯದು ಪ್ರೋಗ್ರಾಂ ಓಡುವಾಗ. MDIಯಲ್ಲಿ ನೀವು ಸರಿಯಾದ H ಟೈಪ್ ಮಾಡಿರುತ್ತೀರಿ, ಪ್ರೋಗ್ರಾಂನಲ್ಲಿ ತಪ್ಪಿರಬಹುದು. ಅದಕ್ಕೇ ಇದು ಬೇಕು. ಸಿಂಗಲ್ ಬ್ಲಾಕ್ ಆನ್, ರಾಪಿಡ್ ಕನಿಷ್ಠ, ಎಡಗೈ ಫೀಡ್ ಹೋಲ್ಡ್ ಮೇಲೆ. ಸ್ಕ್ರೀನ್‌ನಲ್ಲಿ ಪ್ರೋಗ್ರಾಂ ಚೆಕ್ ಪುಟ ಇರಲಿ, ಅದರಲ್ಲಿ DISTANCE TO GO ಎಂಬ ಓದು ಇದೆ. ಈ ಬ್ಲಾಕ್ ಮುಗಿಯಲು ಇನ್ನೂ ಎಷ್ಟು ಚಲಿಸಬೇಕು ಎಂದು ಅದು ತೋರಿಸುತ್ತದೆ. ಟೂಲ್ ಜಾಬ್‌ಗೆ ಹತ್ತಿರ ಬಂದಾಗ ಫೀಡ್ ಹೋಲ್ಡ್ ಒತ್ತಿ. ಕಣ್ಣಿಗೆ ತುದಿಗೂ ಜಾಬ್‌ಗೂ ಮಧ್ಯೆ 10 ಮಿ.ಮೀ. ಕಾಣುತ್ತಿದೆ, ಸ್ಕ್ರೀನ್ Zನಲ್ಲಿ ಇನ್ನೂ −42 ಬಾಕಿ ಎನ್ನುತ್ತಿದೆ ಎಂದರೆ ರಿಸೆಟ್ ಒತ್ತಿ Z ಮೇಲೆತ್ತಿ. ಎರಡೂ ಹೊಂದಿದರೆ ಮುಂದುವರಿಯಿರಿ. ಪ್ರತಿ ಟೂಲ್‌ನ ಮೊದಲ ಇಳಿತಕ್ಕೂ ಇದು ಬೇಕು. ಮೊದಲ ಟೂಲ್ ಸರಿ ಬಂತೆಂದು ಸಿಂಗಲ್ ಬ್ಲಾಕ್ ತೆಗೆದುಬಿಟ್ಟರೆ ಮೂರನೆಯದು ಕಾದು ಕೂತಿರುತ್ತದೆ.

ನಮ್ಮ ಪೀಸ್ ಇನ್ನೂ ಫೇಸ್ ಆಗಿಲ್ಲ ಎಂಬುದು ನೆನಪಿರಲಿ. T1 Z50ಕ್ಕೆ ಬಂದಾಗ ಜಾಬ್‌ಗೂ ಟೂಲ್‌ಗೂ ನಡುವೆ ಕಾಣುವುದು ಸುಮಾರು 47.

ಜಾಬ್ ಕಟ್ಟುವಾಗ ನೋಡಬೇಕಾದ್ದು ಏನಾದರೂ ಇದೆಯೇ?

ವೈಸ್ ಬಿಗಿ ಮಾಡುವಾಗ ಮುಂದಿನ ಜಾ ಜಾಬ್ ಅನ್ನು ತುಸು ಮೇಲೆತ್ತುತ್ತದೆ. ಬಿಗಿ ಮಾಡಿ, ನೈಲಾನ್ ಸುತ್ತಿಗೆಯಲ್ಲಿ ತಟ್ಟಿ, ಎರಡೂ ಪ್ಯಾರಲಲ್ ಅನ್ನು ಬೆರಳಲ್ಲಿ ಸರಿಸಲು ನೋಡಿ. ಒಂದು ಜಾರಿದರೂ ಜಾಬ್ ಆ ಕಡೆ ಕೂತಿಲ್ಲ. ಈ ಸೆಟ್ಟಿಂಗ್‌ನಲ್ಲಿ ಝೀರೋ ಬರುವುದೇ ಪ್ಯಾರಲಲ್‌ನಿಂದ, ಹಾಗಾಗಿ ಕೆಳಗೆ ಒಂದು ಚಿಪ್ ಸಿಕ್ಕಿಕೊಂಡರೂ ಅದರ ದಪ್ಪದಷ್ಟು 25ರಿಂದ ಕಡಿಮೆಯಾಗುತ್ತದೆ.

ಮೊದಲ ಪೀಸ್‌ನಲ್ಲೇ ಫೈನಲ್ ಸೈಜ್‌ಗೆ ಹೋಗಬೇಕೇ?

ಬೇಡ. T1, T2 ಎರಡರ WEAR(H)ನಲ್ಲೂ `0.200` ಹಾಕಿ. ಪ್ಲಸ್ ಎಂದರೆ ಟೂಲ್ ಅಷ್ಟು ಮೇಲೆ ಓಡುತ್ತದೆ, ಮೆಟೀರಿಯಲ್ ಉಳಿಯುತ್ತದೆ. ಕಟ್ ಮಾಡಿ, ಜಾಬ್ ಬಿಚ್ಚದೆ ಅಳೆಯಿರಿ.

ಎಂಡ್ ಮಿಲ್ ಲೆಕ್ಕ ನೋಡೋಣ. ಫೇಸ್ ಸೈಜ್‌ಗೆ ಬಂದಾದ ಮೇಲೆ ಪಾಕೆಟ್ ಓಡಿಸಿದಿರಿ, ಆಳ 7.80 ಬರಬೇಕಿತ್ತು, ಡೆಪ್ತ್ ಮೈಕ್ರೋಮೀಟರ್ 7.76 ತೋರಿಸಿತು. ಬೇಕಾದ್ದು 8.00, ಇನ್ನೂ 0.240 ಇಳಿಯಬೇಕು. WEAR ಮೇಲೆ `-0.240` ಮತ್ತು +INPUT. ಈಗ WEAR −0.040 ಆಯಿತು. ಅದೇ ಪ್ರೋಗ್ರಾಂ ಮತ್ತೆ ಓಡಿಸಿ. ಟಚ್ ಮಾಡಿದ GEOM ನಂಬರ್‌ಗೆ ಕೈ ಹಾಕಬೇಡಿ. ಅದು ಹಾಗೇ ಇದ್ದರೆ ಮುಂದೆ ಯಾವಾಗ ಬೇಕಾದರೂ ಲೆಕ್ಕ ಹಿಂದಕ್ಕೆ ಹಿಡಿದು ನೋಡಬಹುದು.

ಸೈಜ್ ತಪ್ಪಿದೆ. H ತಿದ್ದಲೋ, G54 ತಿದ್ದಲೋ?

ಒಂದು ಟೂಲ್ ಮಾತ್ರ ತಪ್ಪಿದ್ದರೆ ಆ ಟೂಲ್‌ನ WEAR. ಎಲ್ಲ ಟೂಲ್‌ಗಳೂ ಒಂದೇ ಕಡೆಗೆ ಒಂದೇ ಅಳತೆ ತಪ್ಪಿದ್ದರೆ ತಪ್ಪು ಅವೆಲ್ಲಕ್ಕೂ ಸಾಮಾನ್ಯವಾದ ಜಾಗದಲ್ಲಿದೆ: G54 Z, EXT, ಅಥವಾ ಜಾಬ್ ಕೂತ ರೀತಿ. ಆಳವನ್ನು ಮುಗಿದ ಮುಖದಿಂದ ಅಳೆದರೆ ಈ ಸಾಮಾನ್ಯ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಮುಖವೂ ಜೊತೆಗೇ ಜರುಗಿರುತ್ತದೆ. ಅದಕ್ಕೇ ಮೊದಲು ಒಟ್ಟು ದಪ್ಪ 25 ನೋಡಿ, ಆಮೇಲೆ ಪಾಕೆಟ್.

ಬೆಳಿಗ್ಗೆ ತಣ್ಣಗಿದ್ದ ಸ್ಪಿಂಡಲ್‌ನಲ್ಲಿ ಟಚ್ ಮಾಡಿ, ಒಂದು ಗಂಟೆ ಓಡಿದ ಮೇಲೆ ಎಲ್ಲ ಟೂಲ್‌ಗಳೂ ಒಂದೆರಡು ಸೆಂಟಿ ಆಳಕ್ಕೆ ಹೋಗುತ್ತಿದ್ದರೆ ಸ್ಪಿಂಡಲ್ ಬಿಸಿಗೆ ಬೆಳೆದಿದೆ ಎಂದು ಅನುಮಾನಿಸಿ. ಇಲ್ಲಿ ಸೆಂಟಿ ಎಂದರೆ 0.01. ಟೈಟ್ ಟಾಲರೆನ್ಸ್ ಇದ್ದರೆ ಮೊದಲು ಸ್ಪಿಂಡಲ್ ಓಡಿಸಿ ಬಿಸಿ ಮಾಡಿ, ಆಮೇಲೆ ಟಚ್ ಮಾಡಿ.

ಬ್ಯಾಚ್ ಮಧ್ಯೆ ಎಂಡ್ ಮಿಲ್ ಮುರಿಯಿತು. ಎಲ್ಲ ಮೊದಲಿಂದಲೇ?

ಇಲ್ಲ, ಆ ಒಂದು ಟೂಲ್ ಮಾತ್ರ. ಜಾಬ್ ತೆಗೆದು, ಪ್ಯಾರಲಲ್ ಒರೆಸಿ, ಸೆಟ್ಟರ್ ಇಟ್ಟು ಹೊಸ H2 ತೆಗೆಯಿರಿ. ಹಳೆ ಟೂಲ್‌ನ WEAR −0.040 ಅಲ್ಲೇ ಉಳಿದಿರುತ್ತದೆ. ಅದನ್ನು ಅಳಿಸಿ ಮತ್ತೆ 0.200ರಿಂದ ಶುರು ಮಾಡಿ. ಜಾಬ್ ಬಿಚ್ಚುವಂತಿಲ್ಲ ಎಂದಾದರೆ ಸೆಟ್ಟರ್ ಅನ್ನು ಫೇಸ್ ಆದ ಮುಖದ ಮೇಲೇ ಇಡಬಹುದು. ಆಗ ಸೆಟ್ಟರ್ ತಲೆ ಮೊದಲಿಗಿಂತ 25 ಮೇಲೆ ಇರುತ್ತದೆ, ಹಾಗಾಗಿ ಬಂದ ಓದಿನಿಂದ ಇನ್ನೂ 25 ಕಳೆಯಬೇಕು. −270.300 ಬಂದರೆ H2 −295.300.

ಕಾಲೆಟ್ ಸಡಿಲ ಮಾಡಿ ಅದೇ ಟೂಲ್ ಮತ್ತೆ ಹಾಕಿದರೂ ಅದು ಹೊಸ ಟೂಲ್ ಇದ್ದ ಹಾಗೇ. ಉದ್ದ ಬದಲಾಗಿರುತ್ತದೆ.

ಸೆಟ್ಟರ್ ಇಲ್ಲ, ಪೇಪರ್ ಸಾಕೇ?

ಡ್ರಿಲ್‌ಗೆ ಸಾಕು. ಸಾಮಾನ್ಯ ಪ್ರಿಂಟಿಂಗ್ ಪೇಪರ್ ಸುಮಾರು 0.1 ಮಿ.ಮೀ. ದಪ್ಪ, ಮೈಕ್ರೋಮೀಟರ್‌ನಲ್ಲಿ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಂಡ್ ಮಿಲ್‌ಗಾದರೆ ಪೇಪರ್ ಎಷ್ಟು ಬಿಗಿ ಎಂಬುದು ಕೈಯಿಂದ ಕೈಗೆ ಬದಲಾಗುತ್ತದೆ. ಅದರ ಬದಲು 50ರ ಸ್ಲಿಪ್ ಗೇಜ್ ಇಟ್ಟುಕೊಳ್ಳಿ. ಆದರೆ ಟೂಲ್ ಅನ್ನು ಗೇಜ್ ಮೇಲೆ ಇಳಿಸಬೇಡಿ. ಟೂಲ್ ತುಸು ಕೆಳಗಿರಲಿ, ಗೇಜ್ ಅನ್ನು ಅಡಿಗೆ ತೂರಿಸಲು ನೋಡುತ್ತಾ Z ಮೇಲೆತ್ತುತ್ತಾ ಬನ್ನಿ. ತೂರಿದ ಕೂಡಲೇ ಅದೇ ಓದು. ಕಾರ್ಬೈಡ್ ಅಂಚು ಉಳಿಯುತ್ತದೆ.

ಡ್ರಿಲ್ ಆಳ ಯಾಕೆ ಕಡಿಮೆ ಬರುತ್ತದೆ?

ಟಚ್ ಮಾಡಿದ್ದು ಮೊನೆಗೆ. 118 ಡಿಗ್ರಿ ಮೊನೆಯ ಉದ್ದ ವ್ಯಾಸದ ಸುಮಾರು 0.3 ಪಟ್ಟು. ಎಂಟೂವರೆ ಡ್ರಿಲ್‌ಗೆ 2.55. ಪೂರ್ಣ ವ್ಯಾಸದ ಆಳ 20 ಬೇಕಿದ್ದರೆ ಪ್ರೋಗ್ರಾಂನಲ್ಲಿ `Z-22.55` ಇರಬೇಕು. ಆಫ್‌ಸೆಟ್ ತಿದ್ದಿ ಇದನ್ನು ಸರಿಪಡಿಸಬೇಡಿ. ಇಲ್ಲಿ ಪ್ಯಾರಲಲ್ ಎಲ್ಲಿದೆ ಎಂಬುದನ್ನೂ ನೋಡಿ: 25 ದಪ್ಪದಲ್ಲಿ ಥ್ರೂ ಹೋಲ್ ಹೊಡೆದರೆ ಮೊನೆ ಆಚೆ ಬರುತ್ತದೆ, ಅದರ ಕೆಳಗೆ ಪ್ಯಾರಲಲ್ ಇರಬಾರದು.

ಸೀಮೆನ್ಸ್ ಮೆಷೀನ್‌ನಲ್ಲೂ ಹೀಗೇನಾ?

ಕೂಡಿಕೆ ಅದೇ, ಕೀಗಳು ಬೇರೆ. ಅದರ ಸ್ವಂತ ಕ್ರಮದಲ್ಲಿ G43 ಬರೆಯುವುದಿಲ್ಲ. ಟೂಲ್ ಉದ್ದ D1 ಜೊತೆಗೇ ಜಾರಿಯಾಗುತ್ತದೆ, ಮತ್ತು ಉದ್ದಗಳು ಸಾಮಾನ್ಯವಾಗಿ ಪ್ಲಸ್‌ನಲ್ಲಿ ಇರುತ್ತವೆ. ಫ್ಯಾನುಕ್‌ನಲ್ಲಿ ಮೈನಸ್ ನಂಬರ್ ನೋಡಿ ಅಭ್ಯಾಸವಾದವರು ಅಲ್ಲಿಗೆ ಹೋದ ಮೊದಲ ದಿನ ಸೈನ್ ಎರಡು ಸಲ ನೋಡಿ ಹಾಕಿ.